ರೆಸ್ಯೂಮ್‌ನಲ್ಲಿ ಹ್ಯಾಕಥಾನ್ ರೆಪೊ ಲಿಂಕ್ ಕೊಟ್ಟೆ, ಆದರೆ ಕಮಿಟ್ ಎಲ್ಲ ಗೆಳೆಯನ ಹೆಸರಿನಲ್ಲಿವೆ

ಬಳ್ಳಾರಿ_ಬ್ಯಾಕೆಂಡ್

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವಳು, ಈ ವರ್ಷ ಇಂಜಿನಿಯರಿಂಗ್ ಮುಗಿಸಿದೆ. ಮೊನ್ನೆ ಒಂದು ಕಂಪನಿಯ ಆನ್‌ಲೈನ್ ಇಂಟರ್‌ವ್ಯೂ ಇತ್ತು. ನನ್ನ ರೆಸ್ಯೂಮ್‌ನಲ್ಲಿ ಮೂರು ಸಾಲು ಇದ್ದವು. ಮೂಲ ಇಂಗ್ಲಿಷ್‌ನಲ್ಲಿದೆ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ:

"ಓಪನ್ ಸೋರ್ಸ್ ಕೊಡುಗೆದಾರಳು. ರಾಷ್ಟ್ರಮಟ್ಟದ ಹ್ಯಾಕಥಾನ್‌ನಲ್ಲಿ ರನ್ನರ್ ಅಪ್. ಗಿಟ್‌ಹಬ್‌ನಲ್ಲಿ 40ಕ್ಕೂ ಜಾಸ್ತಿ ರೆಪೊಗಳು."

ಇಂಟರ್‌ವ್ಯೂ ಮಾಡುತ್ತಿದ್ದವರು ಸ್ಕ್ರೀನ್ ಶೇರ್ ಮಾಡಿ ಹ್ಯಾಕಥಾನ್ ರೆಪೊ ತೆರೆದರು. "ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದರು. ಬ್ಯಾಕೆಂಡ್ ಪೂರ್ತಿ ನಾನೇ ಬರೆದಿದ್ದು ಎಂದೆ. ಅವರು ಕೊಡುಗೆದಾರರ ಪಟ್ಟಿ ತೆರೆದರು. ಅದರಲ್ಲಿ ನನ್ನ ಹೆಸರೇ ಇಲ್ಲ! ಆ ರಾತ್ರಿ ಗೆಳೆಯನ ಲ್ಯಾಪ್‌ಟಾಪ್‌ಗೆ ಮಾತ್ರ ನೆಟ್ ಇತ್ತು. ಅದರ ಮುಂದೆಯೇ ಕೂತು ನಾನು ಕೋಡ್ ಬರೆದೆ, ಪುಶ್ ಆಗಿದ್ದು ಅವನ ಹೆಸರಿನಲ್ಲಿ. ಏನೋ ಹೇಳಲು ಹೋಗಿ ಮಾತು ತಡವರಿಸಿತು. ಕೆಲಸ ಸಿಗಲಿಲ್ಲ.

ನಾನು ಸುಳ್ಳು ಹೇಳಿರಲಿಲ್ಲ. ಆದರೆ ಅವರಿಗೆ ಸುಳ್ಳಿನ ಹಾಗೆ ಕಂಡಿರಬೇಕು. ಇದನ್ನು ಈಗ ಹೇಗೆ ಸರಿ ಮಾಡಲಿ?

ಗಂಗಾವತಿ_ಹುಡುಗ

ಅಕ್ಕಾ, ಇದು ಸುಲಭ. ಗಿಟ್‌ನಲ್ಲಿ ಕಮಿಟ್ ಮಾಡಿದವರ ಹೆಸರನ್ನು ಬದಲಿಸಬಹುದು. ರಿಬೇಸ್ ಮಾಡಿ, ಹೆಸರು ಮತ್ತು ಇಮೇಲ್ ನಿಮ್ಮದು ಹಾಕಿ, ಫೋರ್ಸ್ ಪುಶ್ ಮಾಡಿ. ನಾನು ನನ್ನ ರೆಪೊದಲ್ಲಿ ಹೀಗೇ ಮಾಡಿದ್ದೆ, ಪ್ರೊಫೈಲ್‌ನಲ್ಲಿ ಹಸಿರು ಚೌಕಗಳು ತುಂಬಿಕೊಂಡವು. ದಿನಾ ಒಂದು ಕಮಿಟ್ ತಪ್ಪದೆ ಮಾಡಿ. ನೋಡುವವರು ಮೊದಲು ನೋಡುವುದೇ ಆ ಹಸಿರು.

ರಾಯಚೂರು_ಕಂಪೈಲರ್

ತಮ್ಮಾ, ನಿನ್ನ ರೆಪೊದಲ್ಲಿ ಎಲ್ಲ ಕಮಿಟ್ ನಿನ್ನವೇ ಇದ್ದವು. ಬರೀ ಇಮೇಲ್ ತಪ್ಪಿತ್ತು, ತಿದ್ದಿದೆ. ಅದು ಸರಿ. ಇಲ್ಲಿ ಹಾಗಲ್ಲ. ರೆಪೊ ಗೆಳೆಯನದು. ಒಂದೇ ಕಮಿಟ್‌ನಲ್ಲಿ ಇಬ್ಬರ ಕೆಲಸವೂ ಕಲೆತಿರಬಹುದು. ಎಲ್ಲಕ್ಕೂ ಒಬ್ಬರ ಹೆಸರು ಹಾಕಿದರೆ ಇನ್ನೊಬ್ಬರ ಕೆಲಸ ಕಿತ್ತುಕೊಂಡ ಹಾಗೆ.

ಹಸಿರು ಚೌಕದ ಬಗ್ಗೆ: ಫೋರ್ಕ್‌ನಲ್ಲಿ ಮಾಡಿದ ಕಮಿಟ್ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಡಿಫಾಲ್ಟ್ ಬ್ರಾಂಚ್‌ಗೆ ಸೇರದಿದ್ದರೂ ಬರುವುದಿಲ್ಲ. ಮೀಡಿಯಾವಿಕಿಯ ಕೋಡ್ ರಿವ್ಯೂ ಗೆರಿಟ್‌ನಲ್ಲಿ ನಡೆಯುತ್ತದೆ, ಲಿನಕ್ಸ್ ಕರ್ನೆಲ್‌ನ ಪ್ಯಾಚ್‌ಗಳು ಇಮೇಲ್‌ನಲ್ಲಿ ಹೋಗುತ್ತವೆ. ಅಲ್ಲಿ ಚೆನ್ನಾಗಿ ಕೆಲಸ ಮಾಡುವವರ ಚೌಕಗಳು ಖಾಲಿ ಇರಬಹುದು. ದಿನಾ ಸ್ಪೇಸ್ ಸೇರಿಸಿ ತೆಗೆಯುವವರ ಚೌಕ ತುಂಬಿರಬಹುದು. ನಾನು 11 ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇಂಟರ್‌ವ್ಯೂಗಳನ್ನೂ ಮಾಡುತ್ತೇನೆ. ಆ ಚೌಕ ನೋಡಿ ಯಾರನ್ನೂ ಆರಿಸಿದ ನೆನಪಿಲ್ಲ.

ಬಳ್ಳಾರಿ ತಂಗಿ, ಮೊದಲು ಇದನ್ನು ಓಡಿಸಿ ಏನು ಬರುತ್ತದೆ ಹೇಳಿ:

```
git shortlog -sne --all
```

ಕೊಪ್ಪಳ_ಮೇಷ್ಟ್ರು

ನಮ್ಮ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಭಾಗವಹಿಸಿದ ಸರ್ಟಿಫಿಕೇಟ್ ಇದ್ದರೆ ಸಾಕು. ಆಕ್ಟಿವಿಟಿ ಪಾಯಿಂಟ್‌ಗೆ ಅದನ್ನೇ ಸ್ಕ್ಯಾನ್ ಮಾಡಿ ಹಾಕುತ್ತೇವೆ. ರೆಸ್ಯೂಮ್ ಜೊತೆಗೂ ಎಲ್ಲ ಸರ್ಟಿಫಿಕೇಟ್ ಒಂದೇ ಪಿಡಿಎಫ್ ಮಾಡಿ ಕಳಿಸಿ. ಹೆಸರು ಇರುತ್ತದಲ್ಲ.

ಸಿಂಧನೂರು_ಅಕ್ಕ

ಮೇಷ್ಟ್ರೇ, ಕಾಲೇಜಿನ ಪಾಯಿಂಟ್‌ಗೆ ಅದು ಸರಿ. ಆದರೆ ಈ ಹುಡುಗಿಯ ತೊಂದರೆ ಬೇರೆ. ಆ ದಿನ ಅವಳು ಅಲ್ಲಿದ್ದಳು ಎಂಬುದನ್ನು ಯಾರೂ ಅನುಮಾನಿಸಿಲ್ಲ. ಏನು ಬರೆದಳು ಎಂಬುದು ಪ್ರಶ್ನೆ. ಸರ್ಟಿಫಿಕೇಟ್ ಅದನ್ನು ಹೇಳುವುದಿಲ್ಲ.

ನಾನು ಒಂದು ಸಣ್ಣ ಟೀಮ್‌ಗೆ ಜನರನ್ನು ಆರಿಸುತ್ತೇನೆ. ರೆಸ್ಯೂಮ್‌ನಲ್ಲಿ ಲಿಂಕ್ ಇದ್ದರೆ ಒತ್ತುತ್ತೇನೆ. ಆ ಒಂದು ಒತ್ತಿನಲ್ಲಿ ಅವರು ಬರೆದ ಫೈಲ್ ಕಾಣಬೇಕು. ಪ್ರೊಫೈಲ್ ಪುಟಕ್ಕೆ ಹೋಗಿ, 40 ರೆಪೊಗಳಲ್ಲಿ ಹುಡುಕುವಷ್ಟು ಸಮಯ ನನಗಿರುವುದಿಲ್ಲ.

ತಂಗಿ, ಒಂದು ಕೇಳಲಾ? "ರಾಷ್ಟ್ರಮಟ್ಟದ" ಎಂದಿದ್ದೀರಿ. ಯಾವ ಸುತ್ತಿನಲ್ಲಿ ರನ್ನರ್ ಅಪ್?

ಬಳ್ಳಾರಿ_ಬ್ಯಾಕೆಂಡ್

ಅಕ್ಕಾ, ಅದು ರಾಷ್ಟ್ರಮಟ್ಟದ ಹ್ಯಾಕಥಾನ್‌ಗೆ ತಂಡ ಆರಿಸಲು ಕಾಲೇಜಿನೊಳಗೆ ನಡೆದ ಸುತ್ತು. 24 ಗಂಟೆ, 18 ತಂಡ, ನಮಗೆ ಎರಡನೇ ಸ್ಥಾನ. ಮುಂದಿನ ಸುತ್ತಿಗೆ ಹೋಗಲಿಲ್ಲ. ಸೀನಿಯರ್‌ಗಳೆಲ್ಲ ಆ ದೊಡ್ಡ ಹೆಸರನ್ನೇ ಬರೆಯುತ್ತಾರೆ, ಅದಕ್ಕೆ ನಾನೂ ಬರೆದೆ.

ರಾಯಚೂರು ಅಣ್ಣ, ಇದು ಬಂತು. ಗೆಳೆಯನ ಹೆಸರು, ಇಮೇಲ್ ಬದಲಿಸಿದ್ದೇನೆ:

```
    61  teammate <teammate@example.com>
     9  lab07 <student@lab07.local>
```

ಆ 9 ನನ್ನವೇ. ಹ್ಯಾಕಥಾನ್‌ಗೆ ಹಿಂದಿನ ದಿನ ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಡೇಟಾಬೇಸ್ ಟೇಬಲ್‌ಗಳನ್ನು ಬರೆದಿದ್ದೆ. 61ರಲ್ಲಿ ಸುಮಾರು ಅರ್ಧ ನಾನು ಬರೆದ ಕೋಡ್.

ಸಿಂಧನೂರು_ಅಕ್ಕ

ಹಾಗಾದರೆ "ರಾಷ್ಟ್ರಮಟ್ಟದ" ಎಂಬುದನ್ನು ಇವತ್ತೇ ತೆಗೆಯಿರಿ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಂಥದಕ್ಕೂ ಕಾಲೇಜಿನೊಳಗಿನ ಸುತ್ತು ಇರುತ್ತದೆ ಎಂಬುದು ನೇಮಕ ಮಾಡುವವರಿಗೆ ಗೊತ್ತು. "ಫೈನಲ್ ಯಾವ ಊರಿನಲ್ಲಿ ಇತ್ತು?" ಎಂದು ಒಂದೇ ಪ್ರಶ್ನೆ ಕೇಳುತ್ತೇವೆ, ಗೊತ್ತಾಗಿಬಿಡುತ್ತದೆ. "ಕಾಲೇಜು ಸುತ್ತು, 24 ಗಂಟೆ, 18 ತಂಡಗಳಲ್ಲಿ 2ನೇ ಸ್ಥಾನ, 4 ಜನರ ತಂಡ" ಎಂದು ಬರೆದರೆ ಅದು ಒಳ್ಳೆಯ ಸಾಲೇ. 18ರಲ್ಲಿ ಎರಡನೆಯದು ಅಂದರೆ ಕಡಿಮೆಯೇನಲ್ಲ.

ರಾಯಚೂರು_ಕಂಪೈಲರ್

ಒಪ್ಪುತ್ತೇನೆ. ಈಗ ಆ 9ರ ಬಗ್ಗೆ. ಗಿಟ್‌ಹಬ್ ಕಮಿಟ್‌ನ ಇಮೇಲ್ ನೋಡಿ ಅದು ಯಾರದು ಎಂದು ಹೊಂದಿಸುತ್ತದೆ. ಆ ಇಮೇಲ್ ನಿಮ್ಮ ಖಾತೆಗೆ ಸೇರಿಸಿದರೆ ಹಳೆಯ ಕಮಿಟ್‌ಗಳೂ ನಿಮ್ಮ ಹೆಸರಿಗೆ ಬರುತ್ತವೆ. ಆದರೆ ಸೇರಿಸಲು ಆ ವಿಳಾಸಕ್ಕೆ ಬರುವ ಮೇಲ್ ತೆರೆದು ದೃಢಪಡಿಸಬೇಕು. `student@lab07.local` ಎಂಬುದಕ್ಕೆ ಮೇಲ್ ಬರುವುದೇ ಇಲ್ಲ. ಅದಕ್ಕೆ ಆ 9 ಬೂದು ಚಿತ್ರವಾಗಿ ಉಳಿದಿವೆ.

61ನ್ನು ಮುಟ್ಟಬೇಡಿ. ಬದಲಿಗೆ ಹೀಗೆ ಮಾಡಿ. README ಫೈಲ್‌ನಲ್ಲಿ "ಯಾರು ಏನು ಮಾಡಿದರು" ಎಂದು ನಾಲ್ಕೇ ಸಾಲು ಬರೆಯಿರಿ. ಒಬ್ಬೊಬ್ಬರ ಮುಂದೆ ಅವರು ಬರೆದ ಫೋಲ್ಡರ್ ಹೆಸರು ಇರಲಿ. ಅದನ್ನು ನಿಮ್ಮ ಖಾತೆಯಿಂದ ಪುಲ್ ರಿಕ್ವೆಸ್ಟ್ ಆಗಿ ಕಳಿಸಿ. ಗೆಳೆಯ ನೋಡಿ ಮರ್ಜ್ ಮಾಡಲಿ. ಉಳಿದ ಇಬ್ಬರೂ ಅಲ್ಲೇ "ಸರಿ ಇದೆ" ಎಂದು ಬರೆಯಲಿ. ಆಗ ನಾಲ್ಕೂ ಜನ ತಾರೀಕಿನ ಸಮೇತ ಒಪ್ಪಿದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ಇಂಟರ್‌ವ್ಯೂನಲ್ಲಿ "ಕಮಿಟ್ ಅವನ ಹೆಸರಿನಲ್ಲಿ ಯಾಕಿದೆ" ಎಂದು ಕೇಳಿದರೆ ಆ ಪುಲ್ ರಿಕ್ವೆಸ್ಟ್ ತೋರಿಸಿ.

ಇನ್ನು ಮುಂದೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಬ್ಬರು ಕೂತರೆ, ಕಮಿಟ್ ಸಂದೇಶದ ಕೊನೆಗೆ ಒಂದು ಖಾಲಿ ಸಾಲು ಬಿಟ್ಟು ಇದನ್ನು ಸೇರಿಸಿ. ಗಿಟ್‌ಹಬ್ ಇಬ್ಬರ ಹೆಸರನ್ನೂ ತೋರಿಸುತ್ತದೆ:

```
Co-authored-by: Name <email@example.com>
```

ತುಂಗಾತೀರ

ನನ್ನದೂ ಇಂಥದೇ ಕಥೆ. ಕೊಪ್ಪಳದಿಂದಲೇ ಬೆಂಗಳೂರಿನ ಕಂಪನಿಗೆ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೋಡ್ ಎಲ್ಲ ಕಂಪನಿಯ ಖಾಸಗಿ ರೆಪೊದಲ್ಲಿದೆ. ಹೊರಗೆ ತೋರಿಸಲು ಒಂದು ಸಾಲೂ ಇಲ್ಲ. ಒಳ್ಳೆಯ ಭಾಗಗಳನ್ನು ಆರಿಸಿ, ಹೆಸರು ಬದಲಿಸಿ, ನನ್ನ ಖಾತೆಯಲ್ಲಿ ಹಾಕಬಹುದಾ?

ಸಿಂಧನೂರು_ಅಕ್ಕ

ಬೇಡ, ಖಂಡಿತ ಬೇಡ. ಹೆಸರು ಬದಲಿಸಿದರೂ ಅದು ಕಂಪನಿಯ ಕೋಡ್. ಅದನ್ನು ನನಗೆ ತೋರಿಸಿದರೆ, ನಾಳೆ ನಮ್ಮ ಕೋಡನ್ನೂ ಹೀಗೇ ಹೊರಗೆ ಹಾಕುತ್ತೀರಿ ಎಂದು ನಾನು ಅಂದುಕೊಳ್ಳುತ್ತೇನೆ. ನಾಲ್ಕು ವರ್ಷದ ಅನುಭವ ಇರುವವರಿಗೆ ಗಿಟ್‌ಹಬ್ ಲಿಂಕ್ ಇಲ್ಲದಿದ್ದರೂ ನಡೆಯುತ್ತದೆ. ಮಾಡಿದ ಕೆಲಸವನ್ನು ಮಾತಿನಲ್ಲಿ ಬರೆಯಿರಿ.

ತುಂಗಾತೀರ

ನಾವು ಬಳಸುವ ಒಂದು ಓಪನ್ ಸೋರ್ಸ್ ಲೈಬ್ರರಿಯಲ್ಲಿ ದೋಷ ಸಿಕ್ಕಿದೆ. ಅದನ್ನು ತಿದ್ದಿ ಅಲ್ಲಿಗೇ ಕಳಿಸಬಹುದಾ? ನನ್ನ ಒಪ್ಪಂದದಲ್ಲಿ "ಉದ್ಯೋಗದಲ್ಲಿರುವಾಗ ಬರೆದ ಎಲ್ಲ ಕೋಡ್ ಕಂಪನಿಗೆ ಸೇರಿದ್ದು" ಎಂದಿದೆ.

ರಾಯಚೂರು_ಕಂಪೈಲರ್

ಮ್ಯಾನೇಜರ್‌ಗೆ ಇಮೇಲ್ ಬರೆದು ಒಪ್ಪಿಗೆ ಕೇಳಿ. ಬಾಯಿಮಾತು ಸಾಲದು. ಉತ್ತರ ಬರುವ ತನಕ ಕಳಿಸಬೇಡಿ.

ತಂಗಿ, "ಓಪನ್ ಸೋರ್ಸ್ ಕೊಡುಗೆದಾರಳು" ಎಂಬ ಸಾಲಿಗೆ ಬರೋಣ. ಗಿಟ್‌ಹಬ್‌ನ ಹುಡುಕು ಪೆಟ್ಟಿಗೆಯಲ್ಲಿ ಇದನ್ನು ಹಾಕಿ. `USERNAME` ಇರುವಲ್ಲಿ ನಿಮ್ಮ ಖಾತೆಯ ಹೆಸರು ಇರಲಿ:

```
is:pr is:merged author:USERNAME
```

ಬಳ್ಳಾರಿ_ಬ್ಯಾಕೆಂಡ್

ಎರಡು ಬಂದವು. ಒಂದು README ಫೈಲ್‌ನಲ್ಲಿ ಅಕ್ಷರ ತಪ್ಪು ತಿದ್ದಿದ್ದು. ಇನ್ನೊಂದು ಸಿಎಸ್‌ವಿ ಓದುವ ಒಂದು ಸಣ್ಣ ಪೈಥಾನ್ ಲೈಬ್ರರಿಗೆ ಕಳಿಸಿದ್ದು. ಅದು ಎರಡೇ ಸಾಲಿನ ಬದಲಾವಣೆ, ಹೇಳಿಕೊಳ್ಳುವಂಥದ್ದಲ್ಲ ಎಂದು ರೆಸ್ಯೂಮ್‌ನಲ್ಲಿ ಬಿಡಿಸಿ ಬರೆದಿರಲಿಲ್ಲ.

ರಾಯಚೂರು_ಕಂಪೈಲರ್

ಆ ಎರಡು ಸಾಲಿನದನ್ನು ಹೇಳಿ. ಯಾಕೆ ಬೇಕಾಯಿತು?

ಬಳ್ಳಾರಿ_ಬ್ಯಾಕೆಂಡ್

ನಮ್ಮ ಹ್ಯಾಕಥಾನ್ ಪ್ರಾಜೆಕ್ಟ್ ಜೀನ್ಸ್ ಹೊಲಿಯುವ ಯೂನಿಟ್‌ಗೆ ಮಾಡಿದ್ದು. ನಮ್ಮ ಊರಿನಲ್ಲಿ ಟೈಲರ್‌ಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಯಾರು ಎಷ್ಟು ಪೀಸ್ ಹೊಲಿದರು ಎಂದು ಮಾಲೀಕರು ಎಕ್ಸೆಲ್‌ನಲ್ಲಿ ಬರೆದಿಡುತ್ತಾರೆ. ವಾರಕ್ಕೊಮ್ಮೆ ಲೆಕ್ಕ ತಪ್ಪಿ ಜಗಳ ಆಗುತ್ತದೆ. ನಮ್ಮ ಆಪ್ ಆ ಶೀಟ್ ಓದಿ, ಪ್ರತಿ ಟೈಲರ್‌ಗೂ ಅವರ ವಾರದ ಲೆಕ್ಕವನ್ನು ಎಸ್‌ಎಂಎಸ್ ಮಾಡುತ್ತದೆ.

ಶೀಟಿನ ಮೊದಲ ಕಾಲಂ "ಹೆಸರು". ನಾವೇ ಟೈಪ್ ಮಾಡಿದ ಫೈಲ್ ಸರಿಯಾಗಿ ಓದುತ್ತಿತ್ತು. ಮಾಲೀಕರು ಎಕ್ಸೆಲ್‌ನಿಂದ ಸೇವ್ ಮಾಡಿ ಕೊಟ್ಟ ಫೈಲ್ ಹಾಕಿದರೆ "ಹೆಸರು" ಎಂಬ ಕಾಲಂ ಇಲ್ಲ ಎಂದು `KeyError` ಬರುತ್ತಿತ್ತು. ಕಣ್ಣಿಗೆ ಎರಡೂ ಒಂದೇ ಥರ. ಎರಡು ಗಂಟೆ ತಲೆ ಕೆಡಿಸಿಕೊಂಡೆ. ಕಡೆಗೆ `repr` ಹಾಕಿ ನೋಡಿದರೆ ಕಾಲಂ ಹೆಸರಿನ ಮುಂದೆ `\ufeff` ಎಂಬ ಕಾಣದ ಅಕ್ಷರ ಇತ್ತು. ಎಕ್ಸೆಲ್ "CSV UTF-8" ಎಂದು ಸೇವ್ ಮಾಡುವಾಗ ಫೈಲಿನ ಶುರುವಿನಲ್ಲಿ ಮೂರು ಬೈಟ್ ಗುರುತು ಸೇರಿಸುತ್ತದೆ, ಲೈಬ್ರರಿ ಅದನ್ನೂ ಹೆಸರಿನ ಭಾಗ ಎಂದು ಓದುತ್ತಿತ್ತು. ಇಷ್ಟು ಮಾಡಿದೆ:

```python
with open(path, encoding="utf-8-sig", newline="") as f:
    rows = list(csv.DictReader(f))
```

`utf-8-sig` ಹಾಕಿದರೆ ಗುರುತು ಇದ್ದರೂ ಓದುತ್ತದೆ, ಇಲ್ಲದಿದ್ದರೂ ಓದುತ್ತದೆ. ಎರಡೂ ಥರದ ಫೈಲಿಗೆ ಟೆಸ್ಟ್ ಬರೆದು ಕಳಿಸಿದೆ. ಮರ್ಜ್ ಆಯಿತು.

ರಾಯಚೂರು_ಕಂಪೈಲರ್

ತಂಗಿ, ನಿಮ್ಮ ರೆಸ್ಯೂಮ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರಬೇಕಾದದ್ದು ಇದೇ! ನಿಜವಾದ ಒಬ್ಬ ಮಾಲೀಕರ ಫೈಲ್‌ನಿಂದ ದೋಷ ಸಿಕ್ಕಿತು. ಕಾರಣ ಹುಡುಕಿದಿರಿ. ನಿಮ್ಮ ಆಪ್‌ನೊಳಗೆ ತೇಪೆ ಹಾಕಿ ಸುಮ್ನಿರಬಹುದಿತ್ತು. ಹಾಗೆ ಮಾಡದೆ ಮೂಲ ಲೈಬ್ರರಿಗೇ ಟೆಸ್ಟ್ ಸಮೇತ ಕಳಿಸಿದಿರಿ. ನಾನೂ ಒಂದು ಸಣ್ಣ ಲೈಬ್ರರಿ ನೋಡಿಕೊಳ್ಳುತ್ತೇನೆ. ಟೆಸ್ಟ್ ಜೊತೆ ಬರುವ ಎರಡು ಸಾಲು ನನಗೆ, ಟೆಸ್ಟ್ ಇಲ್ಲದ 200 ಸಾಲಿಗಿಂತ ಜಾಸ್ತಿ.

ಪುಲ್ ರಿಕ್ವೆಸ್ಟ್ ನಿಮ್ಮ ಹೆಸರಿನಲ್ಲೇ ಇದೆ. ಹ್ಯಾಕಥಾನ್ ಬ್ಯಾಕೆಂಡ್ ಬರೆದದ್ದು ನೀವೇ ಎಂಬುದಕ್ಕೂ ಅದು ಸಾಕ್ಷಿ. ಎರಡನ್ನೂ ರೆಸ್ಯೂಮ್‌ನಲ್ಲಿ ಒಂದರ ಕೆಳಗೆ ಒಂದು ಇಡಿ. ಅಕ್ಷರ ತಪ್ಪು ತಿದ್ದಿದ್ದನ್ನು ಬಿಡಿ. ಅದು ಒಳ್ಳೆಯ ಕೆಲಸವೇ, ಆದರೆ ಅದರ ಬಗ್ಗೆ ಐದು ನಿಮಿಷ ಮಾತಾಡಲು ಏನೂ ಇಲ್ಲ.

ಗಂಗಾವತಿ_ಹುಡುಗ

ಅಣ್ಣ, ನನ್ನ ಒಂದು ಪುಲ್ ರಿಕ್ವೆಸ್ಟ್ ಪೈಟಾರ್ಚ್‌ನಲ್ಲಿ "Closed" ಎಂದಿದೆ, ಮರ್ಜ್ ಎಂದಿಲ್ಲ. ಅದನ್ನು ಬರೆಯಬಾರದು ಅಲ್ವಾ?

ರಾಯಚೂರು_ಕಂಪೈಲರ್

ಅಲ್ಲಿ ನೋಡಿ ಹೇಳಬೇಕು. ಪೈಟಾರ್ಚ್‌ನಲ್ಲಿ ಬಾಟ್ ಬದಲಾವಣೆಯನ್ನು ಒಳಗೆ ಸೇರಿಸಿ ಪುಲ್ ರಿಕ್ವೆಸ್ಟನ್ನು ಮುಚ್ಚುತ್ತದೆ. "Merged" ಎಂಬ ಲೇಬಲ್ ಇದ್ದರೆ ನಿನ್ನ ಕೋಡ್ ಒಳಗೆ ಸೇರಿದೆ. ಆಗ ರೆಸ್ಯೂಮ್‌ನಲ್ಲಿ ಮುಖ್ಯ ಬ್ರಾಂಚ್‌ನ ಕಮಿಟ್‌ಗೆ ಲಿಂಕ್ ಕೊಡು. ಲೇಬಲ್ ಇಲ್ಲದಿದ್ದರೆ ಬರೆಯಬೇಡ.

ಸಿಂಧನೂರು_ಅಕ್ಕ

ತಂಗಿ, ಒಂದು ನಿಮಿಷ. ಎಸ್‌ಎಂಎಸ್ ಕಳಿಸುತ್ತದೆ ಎಂದಿರಿ. ಮಾಲೀಕರ ಶೀಟ್ ಎಂದಿರಿ. ಈ ರೆಪೊ ಎಲ್ಲರಿಗೂ ಕಾಣುತ್ತದೆ. ಇದನ್ನು ಓಡಿಸಿ ನೋಡಿ:

```
git log --all --oneline -- .env data/
```

ಬಳ್ಳಾರಿ_ಬ್ಯಾಕೆಂಡ್

ಅಯ್ಯೋ. ನಾಲ್ಕು ಕಮಿಟ್ ಬಂದವು. `.env` ಫೈಲ್‌ನಲ್ಲಿ ಎಸ್‌ಎಂಎಸ್ ಸೇವೆಯ ಕೀ ಇತ್ತು, ಮರುದಿನ ಅಳಿಸಿದ್ದೆವು. `data/` ಫೋಲ್ಡರ್ ಇನ್ನೂ ಇದೆ. ಅದರಲ್ಲಿ 23 ಟೈಲರ್‌ಗಳ ಹೆಸರು, ಫೋನ್ ನಂಬರ್ ಹಾಗೇ ಇವೆ. ನಿಜವಾದವು. ಇಷ್ಟು ತಿಂಗಳು ಯಾರು ಬೇಕಾದರೂ ನೋಡಬಹುದಿತ್ತು. ನನಗೆ ತುಂಬಾ ಬೇಜಾರಾಗುತ್ತಿದೆ. ಅವರು ನಮ್ಮನ್ನು ನಂಬಿ ಕೊಟ್ಟದ್ದು.

ಸಿಂಧನೂರು_ಅಕ್ಕ

ಮೊದಲು ಗೆಳೆಯನಿಗೆ ಹೇಳಿ ರೆಪೊವನ್ನು ಪ್ರೈವೇಟ್ ಮಾಡಿಸಿ. ಆಮೇಲೆ ಎಸ್‌ಎಂಎಸ್ ಸೇವೆಯ ಪುಟಕ್ಕೆ ಹೋಗಿ ಆ ಕೀ ರದ್ದು ಮಾಡಿ. ಫೈಲ್ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಕೀ ಉಳಿದಿರುತ್ತದೆ. ಇತಿಹಾಸ ಶುದ್ಧ ಮಾಡುವುದು ಅದಾದ ಮೇಲೆ. ಮಾಲೀಕರಿಗೂ ವಿಷಯ ತಿಳಿಸಿ.

ರಾಯಚೂರು_ಕಂಪೈಲರ್

ಅಕ್ಕ ಹೇಳಿದ ಕ್ರಮವೇ ಸರಿ. ಇತಿಹಾಸಕ್ಕೆ `git filter-repo` ಬಳಸಿ. ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಲ್ಲೇ ಓಡಿಸಬೇಕು. ಮುಗಿದ ಮೇಲೆ ಅದು `origin` ತೆಗೆದುಹಾಕಿರುತ್ತದೆ, ಮತ್ತೆ ಸೇರಿಸಿ ಫೋರ್ಸ್ ಪುಶ್ ಮಾಡಿ. ಎಲ್ಲ ಕಮಿಟ್‌ಗಳ ಹ್ಯಾಶ್ ಬದಲಾಗುತ್ತದೆ. ಹಾಗಾಗಿ ನಾಲ್ಕೂ ಜನ ಹಳೆಯ ಪ್ರತಿ ಬಿಟ್ಟು ಹೊಸದಾಗಿ ಕ್ಲೋನ್ ಮಾಡಬೇಕು. ಯಾರಾದರೂ ಹಳೆಯದರಿಂದ ಪುಶ್ ಮಾಡಿದರೆ ಆ ಫೋನ್ ನಂಬರ್‌ಗಳು ಮತ್ತೆ ಬಂದುಬಿಡುತ್ತವೆ.

ಹೇಗೂ ಇತಿಹಾಸ ಬದಲಾಗುತ್ತದೆ. ಗೆಳೆಯ ಒಪ್ಪಿದರೆ ಆ 9 ಕಮಿಟ್‌ಗಳ ಇಮೇಲನ್ನೂ ಇದರಲ್ಲೇ ಸರಿ ಮಾಡಬಹುದು:

```
git filter-repo --path .env --path data/ \
  --invert-paths --mailmap ../mailmap.txt
```

`mailmap.txt` ಫೈಲ್ ಕ್ಲೋನ್ ಫೋಲ್ಡರ್‌ನ ಹೊರಗೆ ಇರಲಿ. ಅದರಲ್ಲಿ ಒಂದೇ ಸಾಲು:

```
Your Name <you@example.com> <student@lab07.local>
```

ಗಂಗಾವತಿ_ಹುಡುಗ

ಅದೇ ಅಲ್ವಾ ಅಣ್ಣ ನಾನು ಮೊದಲು ಹೇಳಿದ್ದು? 9ನ್ನು ಬದಲಿಸಬಹುದು ಎಂದರೆ 61ರಲ್ಲಿ ಅವರು ಬರೆದದ್ದನ್ನೂ ಬದಲಿಸಬಹುದಲ್ಲ. ಗೆಳೆಯ ಒಪ್ಪಿದರೆ ತಪ್ಪೇನು?

ರಾಯಚೂರು_ಕಂಪೈಲರ್

ಆ 9 ಪೂರ್ತಿ ಅವರವು, ಯಂತ್ರ ತಪ್ಪು ಹೆಸರು ಬರೆದಿತ್ತು. 61ರಲ್ಲಿ ಯಾವ ಸಾಲು ಯಾರದು ಎಂದು ಈಗ ನೆನಪಿನಿಂದ ಹಂಚಬೇಕು. ನೆನಪು ತಪ್ಪುತ್ತದೆ.

ಸಿಂಧನೂರು_ಅಕ್ಕ

ನಾನಾದರೆ 9ನ್ನೂ ಮುಟ್ಟುವುದಿಲ್ಲ. ಹ್ಯಾಕಥಾನ್ ಮುಗಿದು ತಿಂಗಳುಗಳಾದ ಮೇಲೆ ಹೆಸರು ಬದಲಾಗಿದೆ ಎಂದು ಗೊತ್ತಾದರೆ, ಕಾರಣ ಕೇಳುವ ಮೊದಲೇ ಅನುಮಾನ ಬರುತ್ತದೆ. README ಸಾಕು.

ರಾಯಚೂರು_ಕಂಪೈಲರ್

ಅಕ್ಕನ ಮಾತಿನಲ್ಲಿ ಅರ್ಥ ಇದೆ. ಆದರೂ ನಾನಾದರೆ ಬದಲಿಸಿ, ಬದಲಿಸಿದ್ದೇವೆ ಎಂದು README ಫೈಲ್‌ನಲ್ಲೇ ಬರೆಯುತ್ತೇನೆ. ತಂಗಿ, ನೀವೂ ಗೆಳೆಯನೂ ಕೂತು ತೀರ್ಮಾನಿಸಿ.

ಬಳ್ಳಾರಿ_ಬ್ಯಾಕೆಂಡ್

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಕೀ ರದ್ದಾಯಿತು. ಮಾಲೀಕರ ಹತ್ತಿರ ನಾನೂ ಗೆಳೆಯನೂ ಹೋಗಿ ಹೇಳಿದೆವು. ಸಿಟ್ಟಾದರು, ಆಮೇಲೆ ಟೈಲರ್‌ಗಳಿಗೆ ನಾವೇ ತಿಳಿಸಬೇಕು ಎಂದರು, ತಿಳಿಸಿದೆವು. `data/` ಬದಲಿಗೆ ಈಗ ಕಲ್ಪಿತ ಹೆಸರುಗಳ ಸಣ್ಣ ಫೈಲ್ ಇದೆ. ಇತಿಹಾಸ ಶುದ್ಧ ಮಾಡಿ, ರೆಪೊ ಮತ್ತೆ ಎಲ್ಲರಿಗೂ ತೆರೆದಿದ್ದೇವೆ. 9 ಕಮಿಟ್‌ಗಳನ್ನು ಹಾಗೇ ಬಿಟ್ಟೆವು. README ಪುಲ್ ರಿಕ್ವೆಸ್ಟ್‌ಗೆ ಇಬ್ಬರು ಒಪ್ಪಿಗೆ ಬರೆದಿದ್ದಾರೆ, ನಾಲ್ಕನೆಯವನು ತನ್ನ ಹೆಸರಿನ ಮುಂದೆ ಇನ್ನೂ ಜಾಸ್ತಿ ಬರೆಯಬೇಕು ಎನ್ನುತ್ತಿದ್ದಾನೆ. ಮಾತು ನಡೆಯುತ್ತಿದೆ.

40 ರೆಪೊಗಳಲ್ಲಿ 29 ಫೋರ್ಕ್‌ಗಳು, ಏನೂ ಬದಲಿಸದವು. ಅವನ್ನು ಅಳಿಸಿದೆ. ಹೊಸ ಸಾಲುಗಳು ಹೀಗಿವೆ:

"ಟೈಲರ್‌ಗಳ ಪೀಸ್ ಲೆಕ್ಕದ ಆಪ್. ಕಾಲೇಜು ಹ್ಯಾಕಥಾನ್, 24 ಗಂಟೆ, 18 ತಂಡಗಳಲ್ಲಿ 2ನೇ ಸ್ಥಾನ, 4 ಜನರ ತಂಡ. ನಾನು ಬರೆದದ್ದು: ಡೇಟಾಬೇಸ್, ಸಿಎಸ್‌ವಿ ಆಮದು, ಎಸ್‌ಎಂಎಸ್. ಲಿಂಕ್: ಆಮದು ಮಾಡುವ ಫೈಲ್."

"ಇದೇ ಆಪ್ ಮಾಡುವಾಗ ಸಿಕ್ಕ ದೋಷ: ಎಕ್ಸೆಲ್‌ನಿಂದ ಬಂದ ಸಿಎಸ್‌ವಿಯಲ್ಲಿ ಮೊದಲ ಕಾಲಂ ಓದಲಾಗುತ್ತಿರಲಿಲ್ಲ. ಪೈಥಾನ್ ಲೈಬ್ರರಿಯಲ್ಲಿ ತಿದ್ದಿ, ಎರಡು ಟೆಸ್ಟ್ ಸೇರಿಸಿದೆ. ಮರ್ಜ್ ಆಗಿದೆ. ಲಿಂಕ್: ಪುಲ್ ರಿಕ್ವೆಸ್ಟ್."

ಕೊಪ್ಪಳ_ಮೇಷ್ಟ್ರು

ಈಗ ನನಗೆ ವ್ಯತ್ಯಾಸ ಗೊತ್ತಾಯಿತು. ನಮ್ಮ ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗಳಲ್ಲೂ `lab01`, `lab02` ಎಂದೇ ಇದೆ. ನಾಳೆಯೇ ತೆಗೆಸುತ್ತೇನೆ. ಪ್ರತಿ ವಿದ್ಯಾರ್ಥಿಯೂ ರೆಪೊದೊಳಗೆ ತನ್ನದೇ `git config user.email` ಹಾಕಲಿ.

ಸಿಂಧನೂರು_ಅಕ್ಕ

ಸಾಲುಗಳು ಚೆನ್ನಾಗಿವೆ. ನೀವು ಖಾಸಗಿಯಾಗಿ ಕಳಿಸಿದ ಪಿಡಿಎಫ್‌ನಲ್ಲಿ ಎರಡೂ ಲಿಂಕ್ ಒತ್ತಿ ನೋಡಿದೆ. ಪುಲ್ ರಿಕ್ವೆಸ್ಟ್ ಸರಿಯಾಗಿ ತೆರೆಯಿತು. ಆದರೆ ಆಮದು ಫೈಲಿನ ಲಿಂಕ್ ಒತ್ತಿದರೆ ಮೇಲೆ ಹಳದಿ ಪಟ್ಟಿಯಲ್ಲಿ `This commit does not belong to any branch on this repository` ಎಂದು ಬರುತ್ತಿದೆ. ಅದು ಶುದ್ಧ ಮಾಡುವ ಮೊದಲಿನ ಹ್ಯಾಶ್. ಅಲ್ಲಿಂದ `data/` ಫೋಲ್ಡರ್ ತೆರೆದರೆ ಆ 23 ನಂಬರ್‌ಗಳೂ ಕಾಣುತ್ತಿವೆ.

ರಾಯಚೂರು_ಕಂಪೈಲರ್

ಫೋರ್ಸ್ ಪುಶ್ ಮಾಡಿದ ಮಾತ್ರಕ್ಕೆ ಗಿಟ್‌ಹಬ್ ಹಳೆಯ ಕಮಿಟ್‌ಗಳನ್ನು ತಕ್ಷಣ ಬಿಸಾಡುವುದಿಲ್ಲ, ಹ್ಯಾಶ್ ಗೊತ್ತಿದ್ದವರಿಗೆ ಸಿಗುತ್ತವೆ. ರೆಪೊ ಗೆಳೆಯನದಾದ್ದರಿಂದ ಅವನೇ ಗಿಟ್‌ಹಬ್ ಸಪೋರ್ಟ್‌ಗೆ ಬರೆದು ಅವನ್ನು ತೆಗೆಸಬೇಕು. ಯಾರಾದರೂ ಫೋರ್ಕ್ ಮಾಡಿದ್ದಾರಾ ಎಂದೂ ನೋಡಿ, ಅದರಲ್ಲೂ ಉಳಿದಿರುತ್ತದೆ. ಅಲ್ಲಿಯವರೆಗೆ ಮತ್ತೆ ಪ್ರೈವೇಟ್ ಇರಲಿ. ತೆಗೆದ ಮೇಲೆ ಶುದ್ಧ ಮಾಡಿದ ರೆಪೊದಲ್ಲಿ ಫೈಲ್ ತೆರೆದು `y` ಕೀ ಒತ್ತಿ. ಆಗ ಬರುವ ವಿಳಾಸವನ್ನು ರೆಸ್ಯೂಮ್‌ಗೆ ಹಾಕಿ.

ಬಳ್ಳಾರಿ_ಬ್ಯಾಕೆಂಡ್

ಪ್ರೈವೇಟ್ ಮಾಡಿದ. ಫೋರ್ಕ್ ಯಾರೂ ಮಾಡಿಲ್ಲ. ಸಪೋರ್ಟ್‌ಗೆ ಈಗ ನನ್ನ ಮುಂದೆಯೇ ಬರೆಯುತ್ತಿದ್ದಾನೆ. ಗುರುವಾರ ಇನ್ನೊಂದು ಇಂಟರ್‌ವ್ಯೂ ಇದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಪುಲ್ ರಿಕ್ವೆಸ್ಟ್ ಲಿಂಕ್ ಒಂದನ್ನೇ ಇಟ್ಟು ಕಳಿಸುತ್ತೇನೆ.